ಸಹಾಯ ಬೇಕು: ಕೆಲಸ ಬಿಟ್ಟವರ ಲಾಗಿನ್ ತೆಗೆಯಬೇಕು, ಶೆಡ್ಯೂಲ್ ಆದ ಪೋಸ್ಟ್‌ಗಳು ನಿಲ್ಲಬಾರದು

ಎಲ್ಲರಿಗೂ ನಮಸ್ಕಾರ. ನಮ್ಮ ತಂಡದಿಂದ ಒಬ್ಬರು ಈ ಶುಕ್ರವಾರ ಹೊರಡುತ್ತಿದ್ದಾರೆ. ಶೆಡ್ಯೂಲಿಂಗ್ ಟೂಲ್‌ನಲ್ಲಿ 42 ಪೋಸ್ಟ್ ಸರದಿಯಲ್ಲಿವೆ. ಟೂಲ್‌ಗೆ ಫೇಸ್‌ಬುಕ್ ಪೇಜ್ ಜೋಡಿಸಿರುವುದು ಅವರದೇ ಖಾತೆಯಿಂದ.

ತೊಡಕು ಅಲ್ಲೇ ಇದೆ. ಟೂಲ್ ಪೋಸ್ಟ್ ಮಾಡುವುದು ಜೋಡಿಸಿದವರ ಅನುಮತಿಯ ಟೋಕನ್ ಬಳಸಿ. ಪೇಜ್‌ನಿಂದ ಅವರನ್ನು ತೆಗೆದರೆ ಆ ಅನುಮತಿ ಹೋಗುತ್ತದೆ. ಅವರು ತಮ್ಮ ಪಾಸ್‌ವರ್ಡ್ ಬದಲಿಸಿದರೂ ಟೋಕನ್ ಸಾಯುತ್ತದೆ. ಆಗ ಬರುವ ದೋಷ ಹೀಗಿರುತ್ತದೆ:

```
code: 190, error_subcode: 460
```

ಸರದಿ ಮಾತ್ರ ಎಂದಿನಂತೆ ಕಾಣುತ್ತಿರುತ್ತದೆ. ಪೋಸ್ಟ್ ಮಾಡುವ ಹೊತ್ತು ಬಂದಾಗಲೇ ವಿಫಲವಾಗುವುದರಿಂದ ಯಾರಿಗೂ ಮೊದಲೇ ಗೊತ್ತಾಗುವುದಿಲ್ಲ.

ನಾವು ಹಾಕಿಕೊಂಡಿರುವ ಕ್ರಮ: ಮೊದಲು ಸರದಿಯ ಪ್ರತಿ ಇಳಿಸಿಕೊಳ್ಳುವುದು. ಪೇಜ್ ಮೇಲೆ ಪೂರ್ಣ ನಿಯಂತ್ರಣವಿರುವ ಇನ್ನೊಬ್ಬರಿಂದ ಅದೇ ಚಾನೆಲ್ ಅನ್ನು ಮರುಜೋಡಿಸುವುದು. ಚಾನೆಲ್ ಅಳಿಸಿ ಹೊಸದಾಗಿ ಸೇರಿಸಲು ಹೋಗುವುದಿಲ್ಲ, ಸರದಿಯೂ ಅದರ ಜೊತೆ ಹೋಗಬಹುದು. ಹತ್ತು ನಿಮಿಷ ಮುಂದಕ್ಕೆ ಒಂದು ಪರೀಕ್ಷಾ ಪೋಸ್ಟ್ ಇಟ್ಟು, ಅದು ಹೋದ ಮೇಲೆಯೇ ಅವರನ್ನು ಪೇಜ್‌ನಿಂದ, ಕೊನೆಗೆ ಟೂಲ್‌ನಿಂದ ತೆಗೆಯುವುದು. ಹಂಚಿಕೊಂಡ ಇಮೇಲ್‌ನ ಒಟಿಪಿ ಅವರ ಫೋನಿಗೇ ಬರುತ್ತದೆ. ಹಾಗಾಗಿ ಅವರು ಇರುವಾಗಲೇ ನಂಬರ್ ಬದಲಿಸಿ, ಆಮೇಲೆ ಪಾಸ್‌ವರ್ಡ್ ಬದಲಿಸಿ, ಎಲ್ಲ ಹಳೆಯ ಸೆಷನ್‌ಗಳಿಂದ ಲಾಗೌಟ್ ಮಾಡುತ್ತೇವೆ.

ಇದನ್ನು ಮಾಡಿದವರು ದಯವಿಟ್ಟು ಎರಡು ವಿಷಯ ತಿಳಿಸಿ. ಮರುಜೋಡಿಸುವ ಮೊದಲೇ ಸರದಿಯಲ್ಲಿದ್ದ ಪೋಸ್ಟ್‌ಗಳು ಹೊಸ ಟೋಕನ್ ಹಿಡಿದವೇ, ಹಳೆಯದರಲ್ಲೇ ಉಳಿದವೇ? ಸದಸ್ಯರನ್ನು ಅಳಿಸಿದಾಗ ಅವರು ಬರೆದ ಡ್ರಾಫ್ಟ್‌ಗಳು ಉಳಿದವೇ? ಯಾವ ಟೂಲ್ ಎಂದೂ ಬರೆಯಿರಿ, ಒಂದೊಂದರಲ್ಲಿ ಒಂದೊಂದು ರೀತಿ ಇರುತ್ತದೆ.