ಸಹಾಯ ಬೇಕು: ಮಗನ ಕ್ಲಾಸ್ ಟೀಚರ್‌ಗೆ ಬರೆದ ಪತ್ರ ನೋಡಿ ಹೇಳುವಿರಾ?

ನಮಸ್ಕಾರ. ನಾವು ಹಾಸನದವರು, ಎರಡನೇ ತರಗತಿಯಲ್ಲಿರುವ ಮಗನಿಗೆ ನೆಫ್ರೋಟಿಕ್ ಸಿಂಡ್ರೋಮ್ ಇದೆ. ಪತ್ರದಲ್ಲಿ ಏನು ಬಿಟ್ಟುಹೋಗಿದೆ ಎಂದು ಅನುಭವವಿರುವ ಪೋಷಕರು ದಯವಿಟ್ಟು ತಿಳಿಸಿ.

ಮಾನ್ಯ ಮೇಡಂ ಅವರಿಗೆ,

ನನ್ನ ಮಗನ ಮೂತ್ರಪಿಂಡದಿಂದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುವುದರಿಂದ ಬೆಳಿಗ್ಗೆ ಕಣ್ಣಿನ ಸುತ್ತ ಬಾವು ಬರುತ್ತದೆ, ಇದು ಅಂಟುರೋಗವಲ್ಲ. ಬಾವು ಇಳಿಯಲು ಬೆಳಿಗ್ಗೆ ಫ್ಯೂರೋಸೆಮೈಡ್ ಮಾತ್ರೆ ಕೊಡುತ್ತಿರುವ ಕಾರಣ, ಮಧ್ಯಾಹ್ನದ ಊಟದವರೆಗೂ ಅವನಿಗೆ ಪದೇಪದೇ ಮೂತ್ರಕ್ಕೆ ಅವಸರವಾಗುತ್ತದೆ. ಆದ್ದರಿಂದ ಬಾಗಿಲ ಬಳಿ ಕೂರಿಸಿ, ಕೈ ಎತ್ತಿದ ಕೂಡಲೇ ಕಳುಹಿಸಬೇಕಾಗಿ ಕೋರುತ್ತೇನೆ. ಒಮ್ಮೆ ತಡೆದುಕೊಂಡು ಚಡ್ಡಿ ಒದ್ದೆಯಾದ ಮೇಲೆ ಅವನು ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದ.

ಪ್ರೆಡ್ನಿಸೊಲೋನ್ ಮಾತ್ರೆಯನ್ನು ಮನೆಯಲ್ಲೇ ತಿಂಡಿಯ ನಂತರ ಕೊಡುತ್ತೇವೆ. ಮುಖ ದುಂಡಗಾಗುವುದು, ಹಸಿವು, ಸಿಟ್ಟು ಇದರಿಂದಲೇ. ಇದು ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುವುದರಿಂದ, ತರಗತಿಯಲ್ಲಿ ಯಾರಿಗಾದರೂ ಸಿಡುಬಿನಂಥ ಗುಳ್ಳೆಗಳು, ಅಂದರೆ ಚಿಕನ್ ಪಾಕ್ಸ್, ಕಾಣಿಸಿದರೆ ಅದೇ ದಿನ ಫೋನ್ ಮಾಡಿ. ತಡೆಯುವ ಚಿಕಿತ್ಸೆ ತಡವಾದರೆ ಫಲಿಸದು. ಅವನಿಗೆ ಜ್ವರವೋ ಹೊಟ್ಟೆನೋವೋ ಬಂದರೂ ತಕ್ಷಣ ತಿಳಿಸಿ.

ದಿನವೂ ಬೆಳಗಿನ ಮೂತ್ರವನ್ನು ಬಣ್ಣ ಬದಲಾಗುವ ಸ್ಟ್ರಿಪ್‌ನಿಂದ ಮನೆಯಲ್ಲೇ ಪರೀಕ್ಷಿಸುತ್ತೇವೆ. ಸತತ 3 ದಿನ ಪ್ರೋಟೀನ್ 3+ ಬಂದರೆ ರೋಗ ಮರುಕಳಿಸಿದೆ ಎಂದರ್ಥ. ಆಗ ಕೆಲವು ದಿನ ರಜೆ ಬೇಕಾಗುತ್ತದೆ.

ಪತ್ರ ಇಷ್ಟೇ. ಪೋಷಕರೇ, ನೀವು ಶಾಲೆಗೆ ಪ್ರತಿ ರಜೆಗೂ ವೈದ್ಯರ ಚೀಟಿ ಕೊಡುವಿರಾ, ಅಥವಾ ವರ್ಷಕ್ಕೊಂದು ಸಾಕಾಯಿತೇ?