ಪದ ಬೇಕು: ‘ಅಂಡರ್‌ಬೇಸ್’ಗೆ ಕನ್ನಡ, ಮತ್ತೆ ‘ಪ್ರಿಂಟ್ ಆಗುತ್ತದಾ’ ಎಂಬುದಕ್ಕೊಂದು ತಲೆಬರಹ

ಉಡುಪಿಯಿಂದ

ಬಳಗದವರಿಗೆ ನಮಸ್ಕಾರ. ಶನಿವಾರದೊಳಗೆ ಎರಡು ಪದ ಬೇಕು.

ನಮ್ಮದು ಟೀ ಶರ್ಟಿಗೆ ಸ್ಕ್ರೀನ್ ಪ್ರಿಂಟ್ ಹಾಕುವ ಸಣ್ಣ ಅಂಗಡಿ. ಗಿರಾಕಿ ತಂದ ಚಿತ್ರ ಬಟ್ಟೆಯ ಮೇಲೆ ಬರುತ್ತದೋ ಇಲ್ಲವೋ ಎಂದು ನೋಡಿ ಹೇಳುವುದು ನನ್ನ ಕೆಲಸ. ಅಷ್ಟಮಿ ಹತ್ತಿರ ಬಂತು, ವಿಟ್ಲಪಿಂಡಿಗೆ ಹುಲಿವೇಷದ ತಂಡಗಳು ಶರ್ಟಿಗೆ ಬರುತ್ತಿವೆ. ದಿನಾ ಅದದೇ ಮಾತು ಹೇಳಿ ಗಂಟಲು ಬಿದ್ದುಹೋಗಿದೆ. ಹಾಗಾಗಿ ಒಂದು ಬೋರ್ಡು, ಒಂದು ಫಾರ್ಮು ಮಾಡಿಸುತ್ತಿದ್ದೇನೆ.

ಮೊನ್ನೆ ಬಂದ ತಂಡದ್ದು ಕಪ್ಪು ಕಾಟನ್ ಶರ್ಟು, ಎದೆಗೆ ಹುಲಿಯ ಮುಖ. ಬಣ್ಣ ಹಳದಿ, ಕೆಂಪು, ಹಸಿರು. ಪಟ್ಟೆಗಳ ಕಪ್ಪು ಶರ್ಟಿನದ್ದೇ, ಅದಕ್ಕೆ ಶಾಯಿಯೂ ಇಲ್ಲ, ದುಡ್ಡೂ ಇಲ್ಲ. ಆದರೆ ಕಪ್ಪಿನ ಮೇಲೆ ನೇರ ಹಳದಿ ಹಾಕಿದರೆ ಕೆಸರಿನ ಬಣ್ಣ ಕಾಣುತ್ತದೆ. ಅದಕ್ಕೆ ಮೊದಲು ಬಿಳಿ ಹಾಕಿ, ಒಣಗಿಸಿ, ಅದರ ಮೇಲೆ ಉಳಿದವು. ಹಲ್ಲು, ಕಣ್ಣಿನ ಬಿಳಿ ಅದೇ ಸ್ಕ್ರೀನಿನಲ್ಲಿ ಬರುತ್ತದೆ. ಒಟ್ಟು ನಾಲ್ಕು ಸ್ಕ್ರೀನು. ನಮ್ಮ ಮಿಷನ್ನಿಗೆ ಇರುವುದೂ ನಾಲ್ಕೇ ಕೈ. “ಮೂರು ಬಣ್ಣ ಕೊಟ್ಟರೆ ನಾಲ್ಕಕ್ಕೆ ದುಡ್ಡು ಯಾಕೆ?” ಎಂದು ಅರ್ಧ ಗಂಟೆ ಚರ್ಚೆ.

ಈ ಅಡಿಯ ಬಿಳಿಗೆ ಎಲ್ಲರೂ ಹೇಳುವುದು ‘ಅಂಡರ್‌ಬೇಸ್’. ಗಿರಾಕಿಗೆ ಅದು ಅರ್ಥವಾಗುವುದಿಲ್ಲ. ‘ತಳಬಿಳಿ’ ಎನ್ನಬಹುದೇ? ಬೋರ್ಡಿನ ತಲೆಬರಹಕ್ಕೆ ‘ಅಚ್ಚುಯೋಗ್ಯತೆ’ ಎಂದು ಯೋಚಿಸಿದ್ದೇನೆ. ಸರಿಯೇ?

ಮೈಸೂರಿನಿಂದ

‘ಅಚ್ಚುಯೋಗ್ಯತೆ’ ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ. ಬೋರ್ಡಿನ ಮೇಲೆ ಬರೆಯುವ ಪದವಲ್ಲ. ‘ಮುದ್ರಣಯೋಗ್ಯತೆ’ ಎನ್ನಿ, ಮುಗಿಯಿತು.

‘ತಳಬಿಳಿ’ಯಲ್ಲಿ ವಿಶೇಷಣ ಹಿಂದೆ ಬಿದ್ದಿದೆ. ಬೆಳ್ದಿಂಗಳು, ಬೆಳ್ಗೊಡೆ ಇದ್ದಂತೆ ‘ಬೆಳ್ದಳ’ ಎಂದಾದರೆ ಸಮಾಸ ನಿಲ್ಲುತ್ತದೆ.

ಮಂಗಳೂರು, ಬಂದರಿನಿಂದ

ಬೆಳ್ದಳ ಎಂದು ಬರೆದರೆ ನಮ್ಮ ಹುಡುಗರು ಅದು ಯಾವ ಪಕ್ಷದ ದಳ ಎಂದು ಕೇಳಿಯಾರು. ಬೇಡ.

ಉಡುಪಿಯವರೇ, ಮೂವತ್ತು ವರ್ಷ ಇದೇ ಕೆಲಸ ಮಾಡಿದವ ನಾನು. ಪದ ಆಮೇಲೆ ನೋಡುವ. ನಿಮ್ಮ ಹುಲಿಗೆ ಮೀಸೆ ಉಂಟಾ? ಇದ್ದರೆ ಎಷ್ಟು ದಪ್ಪ? ಚಿತ್ರದ ಅಗಲ ಎಷ್ಟು, ಅತಿ ಸಣ್ಣ ಶರ್ಟು ಯಾವ ಸೈಜು? ಬಣ್ಣ ಎಣಿಸುವುದು ಸುಲಭ, ಕೆಡುವುದು ಮೀಸೆಯಲ್ಲಿ.

ಉಡುಪಿಯಿಂದ

ಮೀಸೆ ಉಂಟು, ಹಳದಿ. ಅವರು ಕೊಟ್ಟ ಅಳತೆಯಲ್ಲಿ ಚಿತ್ರ 34 ಸೆಂ.ಮೀ. ಅಗಲ, ಮೀಸೆಯ ಗೆರೆ 0.6 ಮಿ.ಮೀ. ತಂಡದ ಜೊತೆ ಬರುವ ಮಕ್ಕಳಿಗೂ ಶರ್ಟು ಬೇಕಂತೆ. ಅತಿ ಸಣ್ಣದನ್ನು ಮೇಜಿನ ಮೇಲೆ ಹಾಸಿ ಅಳೆದರೆ ಎದೆ 36 ಸೆಂ.ಮೀ.

ಮಂಗಳೂರು, ಬಂದರಿನಿಂದ

ಹಾಗಾದರೆ ಸಿಕ್ಕಿತು. ಹೀಗೆ ನೋಡಿ.

36ರ ಶರ್ಟಿನಲ್ಲಿ 34ರ ಚಿತ್ರ ಹಾಕಿದರೆ ಎರಡೂ ಕಡೆ ಹೊಲಿಗೆಗೆ ಒಂದೊಂದು ಸೆಂಟಿಮೀಟರೇ ಬಾಕಿ. ಅಷ್ಟು ಹತ್ತಿರ ಹೋದರೆ ಹೊಲಿಗೆಯ ಉಬ್ಬು ಫ್ರೇಮನ್ನು ಎತ್ತಿ ಹಿಡಿಯುತ್ತದೆ. ಬಟ್ಟೆಗೂ ಸ್ಕ್ರೀನಿಗೂ ನಡುವೆ ಸಂದು ಬಿದ್ದು, ಹೊಲಿಗೆಯ ಪಕ್ಕ ಶಾಯಿ ದಪ್ಪ ಕೂತು ಅಂಚು ಕಲಸಿಹೋಗುತ್ತದೆ. ಕಾಲರಿನ ಪಟ್ಟಿಯ ಬಳಿಯೂ ಅದೇ ಕಥೆ, ಅಲ್ಲಿಂದ ಏಳೆಂಟು ಸೆಂಟಿಮೀಟರ್ ಕೆಳಗೆ ಶುರುಮಾಡಬೇಕು. ಸೈಜಿಗೊಂದು ಸ್ಕ್ರೀನು ಮಾಡಿಸುವ ಗಿರಾಕಿ ಇಲ್ಲ. ಆದ್ದರಿಂದ ಅತಿ ಸಣ್ಣ ಶರ್ಟೇ ಎಲ್ಲರ ಅಳತೆ ತೀರ್ಮಾನಿಸುತ್ತದೆ. ನಾನಾದರೆ 26ಕ್ಕೆ ಇಳಿಸುತ್ತೇನೆ.

ಈಗ ಮೀಸೆ. 34ನ್ನು 26 ಮಾಡಿದ ಕೂಡಲೇ 0.6ರ ಗೆರೆ ಸುಮಾರು 0.46 ಆಯಿತು. ಬನಿಯನ್ ಬಟ್ಟೆ ಜಗ್ಗುತ್ತದೆ, ಮೇಜಿಗೆ ಗಮ್ ಹಾಕಿ ಕೂರಿಸಿದರೂ ಒಂದು ಕೂದಲೆಳೆ ಜರುಗಿಯೇ ಜರುಗುತ್ತದೆ. ಹಾಗೆ ಜರುಗಿದಾಗ ಹಳದಿಯ ಬದಿಯಲ್ಲಿ ಬಿಳಿ ಇಣುಕಬಾರದು ಎಂದು ಅಡಿಯ ಬಿಳಿಯನ್ನು ಸುತ್ತಲೂ ಕಾಲು ಮಿಲಿಮೀಟರ್ ಒಳಗೆ ಎಳೆಯುತ್ತೇವಲ್ಲ? ಮೀಸೆಯ ಎರಡೂ ಬದಿಯಿಂದ ಕಾಲು ಕಾಲು ಕಳೆದರೆ ಅರ್ಧ ಮಿಲಿಮೀಟರ್ ಹೋಯಿತು. ಇರುವುದೇ 0.46. ಅಡಿಯಲ್ಲಿ ಬಿಳಿಯೇ ಇಲ್ಲ. ಕಂಪ್ಯೂಟರಿನಲ್ಲಿ ಮೀಸೆ ಫಳಫಳ, ಶರ್ಟಿನಲ್ಲಿ ಮಾತ್ರ ಕೆಸರು. ಇದನ್ನು ಹುಡುಕಲು ಫಿಲ್ಮ್ ತೆಗೆಯುವ ಮೊದಲು ಬಿಳಿಯ ಪದರ ಒಂದನ್ನೇ ಕಂಪ್ಯೂಟರಿನ ಪರದೆಯ ಮೇಲೆ ಇಟ್ಟು ನೋಡಿ. ಮೀಸೆ ಇರುವ ಜಾಗ ಖಾಲಿ ಕಂಡರೆ ಅಲ್ಲೇ ಗೊತ್ತಾಯಿತು.

ದಾರಿ ಎರಡು. ಮೀಸೆಯನ್ನು 1 ಮಿ.ಮೀ.ಗೆ ದಪ್ಪ ಮಾಡಿ, ಅಡಿಯಲ್ಲಿ ಅರ್ಧ ಮಿಲಿಮೀಟರ್ ಬಿಳಿ ಉಳಿಯುತ್ತದೆ. ಇಲ್ಲವೇ ಮೀಸೆ ಬಿಳಿಯೇ ಇರಲಿ, ಮೇಲೆ ಹಳದಿ ಹಾಕಲೇಬೇಡಿ. ಆಗ ಒಳಗೆ ಎಳೆಯುವ ಗೋಜಿಲ್ಲ, ಒಂದೇ ಸ್ಕ್ರೀನು, ಜರುಗುವ ಪ್ರಶ್ನೆಯೂ ಇಲ್ಲ. ಹುಲಿಗೆ ಬಿಳಿ ಮೀಸೆಯೇ ಚಂದ.

ಹಳದಿಯ ನಡುವೆ ಬರುವ ಸಣ್ಣ ಕಪ್ಪು ಗೆರೆಗಳದ್ದು ಉಲ್ಟಾ ಲೆಕ್ಕ. ಅಲ್ಲಿ ಗೆರೆ ಎಂದರೆ ಶಾಯಿ ಬೀಳದ ಸಂದು. ಶಾಯಿ ಎರಡೂ ಕಡೆಯಿಂದ ಹರಡಿ ಸಂದು ಮುಚ್ಚುತ್ತದೆ. 26ಕ್ಕೆ ಇಳಿಸಿದ ಮೇಲೂ ಅದು 0.7 ಉಳಿದಿರಬೇಕು.

ಬೆಂಗಳೂರಿನಿಂದ (ಊರು ಕುಂದಾಪುರ)

ಇಷ್ಟೆಲ್ಲ ಲೆಕ್ಕ ಯಾಕೆ? ಡಿಟಿಎಫ್ ಹಾಕಿಸಿ. ಫಿಲ್ಮಿನ ಮೇಲೆ ಪ್ರಿಂಟ್ ತೆಗೆದು ಶರ್ಟಿಗೆ ಬಿಸಿ ಒತ್ತುವುದು. ಎಷ್ಟು ಬಣ್ಣ ಬೇಕಾದರೂ ಇರಲಿ, ಬಿಳಿಯನ್ನು ಮಿಷನ್ನೇ ಹಾಕಿಕೊಳ್ಳುತ್ತದೆ. ಈ ಪದವೇ ಇನ್ನು ಬೇಕಾಗುವುದಿಲ್ಲ. ನಾನು ಡಿಸೈನ್ ಮಾಡುವಾಗ ಬಣ್ಣ ಎಣಿಸುವುದನ್ನು ಬಿಟ್ಟು ವರ್ಷಗಳಾದವು.

ಸುಳ್ಯದಿಂದ

ನಮ್ಮದೂ ಇದೇ ಸಮಸ್ಯೆ. ಕಬಡ್ಡಿ ತಂಡಕ್ಕೆ ಕೆಂಪು ಜೆರ್ಸಿ ಮಾಡಿಸಿದ್ದೆವು, ಬೆನ್ನಿಗೆ ಬಿಳಿ ನಂಬರು. ಕೊಡುವಾಗ ಹಾಲಿನ ಹಾಗೆ ಇತ್ತು, ಪಂದ್ಯದ ಹೊತ್ತಿಗೆ ಎಲ್ಲ ಗುಲಾಬಿ. ಇದು ಈ ‘ತಳಬಿಳಿ’ ಹಾಕದೆ ಆದದ್ದಾ? ಅಂಗಡಿಯವರು ನೀವೇ ತಪ್ಪು ಒಗೆದಿದ್ದೀರಿ ಎನ್ನುತ್ತಾರೆ.

ಮಂಗಳೂರು, ಬಂದರಿನಿಂದ

ಸುಳ್ಯದವರೇ, ನಿಮ್ಮದು ಬೇರೆ ಕಾಯಿಲೆ. ಜೆರ್ಸಿ ಪಾಲಿಯೆಸ್ಟರ್. ಶಾಯಿ ಬೇಯಿಸುವ ಬಿಸಿಗೆ ಬಟ್ಟೆಯ ಕೆಂಪು ಡೈ ಬಿಟ್ಟುಕೊಂಡು ಮೇಲಿನ ಬಿಳಿಗೆ ಏರುತ್ತದೆ. ಅಂಗಡಿಯಲ್ಲಿ ಕಾಣುವುದಿಲ್ಲ, ಗಂಟೆಗಳೋ ದಿನಗಳೋ ಕಳೆದ ಮೇಲೆ ಕಾಣುತ್ತದೆ. ಒಗೆದದ್ದರ ತಪ್ಪಲ್ಲ. ಪಾಲಿಯೆಸ್ಟರಿಗೆಂದೇ ಡೈ ತಡೆಯುವ ಶಾಯಿ ಬರುತ್ತದೆ, ಅದನ್ನು ಕಡಿಮೆ ಬಿಸಿಯಲ್ಲಿ ಬೇಯಿಸಬೇಕಿತ್ತು.

ಕುಂದಾಪುರದವರೇ, ಬಣ್ಣದ ಮಟ್ಟಿಗೆ ನೀವು ಹೇಳಿದ್ದು ಸರಿ. ಹತ್ತು ಶರ್ಟಾದರೆ ನಾನೂ ಅದನ್ನೇ ಹೇಳುತ್ತೇನೆ. ಮೀಸೆಯ ಮಟ್ಟಿಗೆ ತಪ್ಪು. ಅಲ್ಲಿ ಗೆರೆಯನ್ನು ಬಟ್ಟೆಗೆ ಹಿಡಿಸುವುದು ಅಡಿಯ ಗಮ್ ಪುಡಿ. ಗೆರೆ ಸಪೂರವಾದಷ್ಟು ಪುಡಿಗೆ ಜಾಗ ಕಡಿಮೆ, ಒಗೆದಾಗ ಮೊದಲು ಏಳುವುದೇ ಮೀಸೆಯ ತುದಿ. ಮತ್ತೆ ಅಲ್ಲಿಯೂ ಬಿಳಿ ಉಂಟು, ನಿಮಗೆ ಕಾಣುವುದಿಲ್ಲ ಅಷ್ಟೆ. ಎದೆ ತುಂಬ ಒಂದೇ ಹಾಳೆ ಅಂಟಿಸಿಕೊಂಡು ಹುಲಿಯ ಹಿಂದೆ ಬಿಸಿಲಲ್ಲಿ ಊರು ಸುತ್ತುವ ಹುಡುಗರನ್ನೂ ಒಮ್ಮೆ ಕೇಳಿ ನೋಡಿ.

ಪದದ ವಿಷಯ: ನಮ್ಮಲ್ಲಿ ಬಿಳಿ ಹಾಕುವುದಕ್ಕೆ ‘ಖಾದಿ ಹೊಡೆಯುವುದು’ ಎನ್ನುತ್ತಿದ್ದೆವು. ದಪ್ಪ ಬಿಳಿ ಪೇಸ್ಟಿಗೆ ಖಾದಿ ಎಂದೇ ಹೆಸರು.

ಧಾರವಾಡದಿಂದ

ಖಾದಿ ಅಲ್ಲರಿ ಅದು, ಖಡಿ ಇರಬೇಕು! ನಮ್ಮ ಕಡೆ ಸೀಮೆಸುಣ್ಣಕ್ಕ ಖಡು ಅಂತೀವಿ, ಮರಾಠ್ಯಾಗೂ ಖಡೂನ. ಸಂಸ್ಕೃತದಾಗ ಖಟೀ, ಖಟಿಕಾ. ಬಿಳಿ ಪೇಸ್ಟು ಅಂದ್ರ ಸುಣ್ಣದ್ದ ವಂಶ. ಚರಕದ ಖಾದಿಗೂ ಇದಕ್ಕೂ ಏನೂ ಸಂಬಂಧ ಇರ್ಲಿಕ್ಕಿಲ್ಲ. ‘ಖಡಿಪದರ’ ಅಂತ ಬರೀರಿ, ಪೂರಾ ದೇಸೀ ಆಗ್ತದ.

ಮೈಸೂರಿನಿಂದ

> ಪೂರಾ ದೇಸೀ ಆಗ್ತದ

ಮರಾಠಿಯಿಂದ ಬಂದದ್ದು, ಅದರ ಮೂಲ ಸಂಸ್ಕೃತ ಎಂದು ನೀವೇ ಹೇಳಿ ಅದನ್ನು ದೇಸಿ ಎನ್ನುತ್ತೀರಿ. ಮಹಾಪ್ರಾಣ ಇಟ್ಟುಕೊಂಡ ದೇಸಿ ಪದ ನಾನು ಕಂಡಿಲ್ಲ. ಉಡುಪಿಯವರು ಕೇಳಿದ್ದು ಕನ್ನಡ ಪದ.

ಪುತ್ತೂರಿನಿಂದ

ಮೈಸೂರಿನವರ ಅರಿಸಮಾಸದ ತೀರ್ಪು ನನಗೆ ಒಪ್ಪಿಗೆಯಿಲ್ಲ. ‘ಯೋಗ್ಯತಾ’ ಕನ್ನಡಕ್ಕೆ ಬಂದು ‘ಯೋಗ್ಯತೆ’ ಆಗಿದೆ, ರೂಪ ತಿರುಗಿದ ಮೇಲೂ ಅದನ್ನು ಅರಿ ಎಂದು ಹೊರಗಿಡುವುದು ಹೇಗೆ? ಮಳೆಗಾಲ ಎನ್ನುವುದಿಲ್ಲವೇ?

ಅದಿರಲಿ. 1843ರಲ್ಲಿ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರಟದ್ದು ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವುದು, ಅದಕ್ಕೆ ಕಲ್ಲಚ್ಚು. ಕೇಳಿದ ಕೂಡಲೇ ಕೆಲಸ ಕಣ್ಣಿಗೆ ಬರುತ್ತದೆ. ಅಂಗಡಿಯ ಪದವೂ ಹಾಗಿರಬೇಕು. ನಿಯಮಕ್ಕೆ ಹೊಂದುವ ಪದ ಹುಡುಕುತ್ತ ಕೂತರೆ ಗಿರಾಕಿ ಅಂಡರ್‌ಬೇಸ್ ಎಂದೇ ಕಲಿತು ಹೋಗುತ್ತಾನೆ. ಕಲಿತರೂ ತಪ್ಪೇನು? ಸ್ಕ್ರೀನು, ಫ್ರೇಮು, ಶರ್ಟು ಇವಕ್ಕೆಲ್ಲ ಯಾರೂ ಪದ ಕೇಳಲಿಲ್ಲವಲ್ಲ.

ಮೈಸೂರಿನಿಂದ

ಕಾಲ ಎರಡೂ ಭಾಷೆಯಲ್ಲಿ ಒಂದೇ ರೂಪದಲ್ಲಿ ನಿಲ್ಲುವ ಸಮಸಂಸ್ಕೃತ, ಮಳೆಗಾಲ ಇಲ್ಲಿ ಸಾಕ್ಷಿಯಾಗದು. ಯೋಗ್ಯತೆಗೆ ಆ ರಿಯಾಯಿತಿ ಕೊಟ್ಟವರು ಯಾರು? ಶರ್ಟು ಎರವಲು ಬಂತೆಂದು ಮನೆಯ ಬಾಗಿಲನ್ನೇ ತೆಗೆದಿಡಬೇಕಾಗಿಲ್ಲ.

ಉಡುಪಿಯಿಂದ

ಎಲ್ಲರಿಗೂ ವಂದನೆ. ಬಂದರಿನವರು ಹೇಳಿದಂತೆ ಬಿಳಿಯ ಪದರ ಒಂದನ್ನೇ ಇಟ್ಟು ನೋಡಿದೆ. ಮೀಸೆ ಇರಲೇ ಇಲ್ಲ, ಕಿವಿಯೊಳಗಿನ ಕೂದಲಿನ ಗೆರೆಯೂ ಇರಲಿಲ್ಲ. ತಂಡದವರನ್ನು ಕರೆಸಿ ತೋರಿಸಿದೆ. 26ಕ್ಕೆ, ಬಿಳಿ ಮೀಸೆಗೆ ಒಪ್ಪಿದರು. ಕಿವಿಯ ಕೂದಲು ತೆಗೆದೇಬಿಟ್ಟೆವು.

ನಾಲ್ಕನೇ ಸ್ಕ್ರೀನಿನ ದುಡ್ಡಿನ ಮಾತು ಮತ್ತೆ ಬಂತು. ಅವರ ಜೊತೆ ವೇಷಕ್ಕೆ ಬಣ್ಣ ಬಳಿಯುವ ಹಿರಿಯರೊಬ್ಬರು ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು, “ನಾವು ಮೈಗೆ ಮೊದಲು ಬಿಳಿ ಬಳಿಯದೆ ಹಳದಿ ಹಾಕುತ್ತೇವಾ? ಇದೂ ಅಡಿಬಣ್ಣ, ಕೊಡಿ ಅವರಿಗೆ” ಎಂದರು. ಹುಡುಗರು ಮಾತಾಡದೆ ಕೊಟ್ಟರು. ಫಾರ್ಮಿನಲ್ಲಿ ‘ಅಡಿಬಣ್ಣ (ಬಿಳಿ): 1 ಸ್ಕ್ರೀನು’ ಎಂದೇ ಬರೆಸುತ್ತಿದ್ದೇನೆ. ಬಣ್ಣ ಸಂಸ್ಕೃತದ ವರ್ಣದ ತದ್ಭವ ಎಂದು ಗೊತ್ತು. ತದ್ಭವಕ್ಕೆ ಅರಿಯ ಮಾತು ಬರುವುದಿಲ್ಲ ಎಂದುಕೊಂಡಿದ್ದೇನೆ.

ತಲೆಬರಹಕ್ಕೆ ಯೋಗ್ಯತೆ ಬಿಟ್ಟೆ. ಬಂದರಿನವರು ಬರೆಯುವಾಗ ‘ಶಾಯಿ ದಪ್ಪ ಕೂತು’ ಎಂದರಲ್ಲ, ನಮ್ಮ ಅಂಗಡಿಯಲ್ಲೂ ಹೇಳುವುದು ಹಾಗೇ, ಗೆರೆ ಕೂರುತ್ತದೆ, ಕೂರುವುದಿಲ್ಲ ಎಂದು. ಬೋರ್ಡಿನಲ್ಲಿ ‘ಚಿತ್ರ ಬಟ್ಟೆಗೆ ಕೂರುತ್ತದೆಯೇ?’ ಎಂದು ಬರುತ್ತದೆ. ಕೆಳಗೆ ಮೂರು ಸಾಲು: ಅತಿ ಸಣ್ಣ ಶರ್ಟಿನ ಅಳತೆ, ಅತಿ ಸಪೂರ ಗೆರೆಯ ದಪ್ಪ, ಅಡಿಬಣ್ಣ ಸೇರಿ ಎಷ್ಟು ಸ್ಕ್ರೀನು.

ಒಂದು ಉಳಿಯಿತು. ಅಡಿಬಣ್ಣವನ್ನು ಕಾಲು ಮಿಲಿಮೀಟರ್ ಒಳಗೆ ಎಳೆಯುವುದಕ್ಕೆ ನಾವು ‘ಚೋಕ್ ಮಾಡುವುದು’ ಎನ್ನುತ್ತೇವೆ. ಅದು ಫಾರ್ಮಿಗೆ ಬೇಡ, ಆದರೆ ಹೊಸ ಹುಡುಗನಿಗೆ ಹೇಳಿಕೊಡಲು ಬೇಕು.

ಧಾರವಾಡದಿಂದ

ಅಡಿಬಣ್ಣ ಛಲೋ ಅದ. ಆದ್ರ ಖಡಿ ಬಗ್ಗೆ ಮೈಸೂರಿನವರು ಇನ್ನೂ ಉತ್ತರ ಕೊಟ್ಟಿಲ್ಲ.

ಮಂಗಳೂರು, ಬಂದರಿನಿಂದ

ಚೋಕಿಗೆ ‘ಒಳಸರಿಸು’ ಎನ್ನಿ. ಹುಡುಗನಿಗೆ ಪದ ಹೇಳುವ ಮೊದಲು ಮೀಸೆಯ ಜಾಗ ಖಾಲಿ ಇದ್ದ ಆ ಬಿಳಿಯ ಪದರ ತೋರಿಸಿ.