ಗ್ರಾಹಕರು ತೋರಿಸಿದ ಪಾವತಿ ಸಂಖ್ಯೆ ನನ್ನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಿಗುತ್ತಿಲ್ಲ, ಎಲ್ಲಿ ಹುಡುಕಬೇಕು?

ದಿನಸಿ_ತಿಪಟೂರು | 14 ಜೂನ್ 2025, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ನನ್ನದು ದಿನಸಿ ಅಂಗಡಿ. ಮೊನ್ನೆ 12ರ ಸಂಜೆ ಖಾಯಂ ಗ್ರಾಹಕರೊಬ್ಬರು ತಿಂಗಳ ಸಾಮಾನು ಕೊಂಡು ಯುಪಿಐ ಮೂಲಕ ₹1,840 ಕಳುಹಿಸಿದರು. ಅವರ ಮೊಬೈಲಿನಲ್ಲಿ ಹಸಿರು ಗುರುತು ಬಂತು, ಆದರೆ ನಮ್ಮ ಸೌಂಡ್ ಬಾಕ್ಸ್ ಏನನ್ನೂ ಹೇಳಲಿಲ್ಲ. ಅಂಗಡಿಯಲ್ಲಿ ಜನ ಹೆಚ್ಚಿದ್ದುದರಿಂದ, ಅವರ ಪರದೆಯ ಮೇಲಿದ್ದ T ಅಕ್ಷರದಿಂದ ಶುರುವಾಗುವ ಉದ್ದನೆಯ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಂಡು ಸಾಮಾನು ಕೊಟ್ಟು ಕಳುಹಿಸಿದೆ. ಮರುದಿನ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಆ ಸಂಖ್ಯೆಯೂ ಇಲ್ಲ, ₹1,840 ಎಂಬ ಮೊತ್ತವೂ ಇಲ್ಲ. ಒಟ್ಟಾಗಿ ₹23,415 ಜಮಾ ಆಗಿದೆ, ಅದರ ಮುಂದೆ ಬೇರೆಯದೇ ಒಂದು ಸಂಖ್ಯೆಯಿದೆ. ಹಣ ಕಡಿತವಾಗಿದೆ ಎಂದು ಗ್ರಾಹಕರು ಹೇಳುತ್ತಿದ್ದಾರೆ, ಅವರ ಮಾತನ್ನು ನಾನು ಅನುಮಾನಿಸುವುದಿಲ್ಲ. ಹಾಗಾದರೆ ಈ ಸಂಖ್ಯೆ ನಿಜವಾಗಿ ಯಾವುದನ್ನು ಗುರುತಿಸುತ್ತದೆ?

ಹಾಸನ_ಟ್ರೇಡರ್ | 14 ಜೂನ್, 9:42

ನನಗೂ ಹೀಗೆಯೇ ಆಗಿತ್ತು. ಸಗಟು ವ್ಯಾಪಾರಿಗೆ ನೆಫ್ಟ್ ಮಾಡಿದಾಗ ಅವರು ಯುಟಿಆರ್ ಕೇಳಿದರು. 16 ಅಕ್ಷರಗಳ ಸಂಖ್ಯೆಯನ್ನು ಕಳುಹಿಸಿದ ತಕ್ಷಣ ಅವರಿಗೆ ಹಣ ಸಿಕ್ಕಿತು. ನಿಮ್ಮ ಗ್ರಾಹಕರಿಂದಲೂ ಆ 16 ಅಕ್ಷರಗಳ ಯುಟಿಆರ್ ತರಿಸಿಕೊಳ್ಳಿ.

ಲೆಕ್ಕ_ಹೊಂದಾಣಿಕೆ | 14 ಜೂನ್, 11:05

ನಾನು ಹದಿನೈದು ವರ್ಷಗಳಿಂದ ಅಂಗಡಿಗಳ ಮತ್ತು ಬ್ಯಾಂಕಿನ ಲೆಕ್ಕವನ್ನು ತಾಳೆ ನೋಡುವ ಕೆಲಸದಲ್ಲಿದ್ದೇನೆ. ಹಾಸನದವರು ಹೇಳಿದ್ದು ನೆಫ್ಟ್ ವಿಷಯದಲ್ಲಿ ಸರಿ, ಆದರೆ ಇಲ್ಲಿ ನಡೆದಿರುವುದು ಯುಪಿಐ ಪಾವತಿ. ಅದರಲ್ಲಿ ಹುಡುಕಬೇಕಾದದ್ದು 12 ಅಂಕಿಗಳ ಸಂಖ್ಯೆ. ಅದರಲ್ಲಿ ಅಕ್ಷರಗಳೇ ಇರುವುದಿಲ್ಲ.

ತಾವು ಬರೆದುಕೊಂಡ T ಸಂಖ್ಯೆ ಗ್ರಾಹಕರ ಆ್ಯಪ್ ತನ್ನ ಲೆಕ್ಕಕ್ಕಾಗಿ ಇಟ್ಟುಕೊಂಡದ್ದು. ಆ ಆ್ಯಪಿನ ಸಹಾಯವಾಣಿಗೆ ಅದು ಅರ್ಥವಾಗುತ್ತದೆ, ತಮ್ಮ ಬ್ಯಾಂಕಿಗೆ ಅದರ ಸುಳಿವೂ ಇರುವುದಿಲ್ಲ. 12 ಅಂಕಿಗಳ ಸಂಖ್ಯೆ ಹಾಗಲ್ಲ. ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹೊರಟ ಒಂದೇ ಒಂದು ಪಯಣಕ್ಕೆ ಆ ಸಂಖ್ಯೆ ಸೇರಿದ್ದು, ಕಳುಹಿಸಿದವರ ಬ್ಯಾಂಕು, ಪಡೆದವರ ಬ್ಯಾಂಕು ಎರಡೂ ಅದನ್ನೇ ದಾಖಲಿಸಿಕೊಳ್ಳುತ್ತವೆ. ಸಾಮಾನಿನ ಬಿಲ್ಲನ್ನಾಗಲಿ ಗ್ರಾಹಕರನ್ನಾಗಲಿ ಅದು ಗುರುತಿಸುವುದಿಲ್ಲ. ಅದೇ ಗ್ರಾಹಕರು ಅದೇ ಮೊತ್ತವನ್ನು ಎರಡನೆಯ ಸಲ ಕಳುಹಿಸಲು ಯತ್ನಿಸಿದರೆ ಹೊಸ ಸಂಖ್ಯೆಯೇ ಬರುತ್ತದೆ. ಆದ್ದರಿಂದ ಮೊದಲ ಯತ್ನ ವಿಫಲವಾಗಿ ಎರಡನೆಯದು ಸಫಲವಾದಾಗ ಯಾವ ಸಂಖ್ಯೆಯನ್ನು ಬರೆದುಕೊಂಡಿದ್ದೇವೆ ಎನ್ನುವುದು ಮುಖ್ಯವಾಗುತ್ತದೆ.

ಗ್ರಾಹಕರ ಆ್ಯಪಿನಲ್ಲಿ ಆ ಪಾವತಿಯ ವಿವರವನ್ನು ತೆರೆದು ಕೆಳಗೆ ಸರಿಸಿದರೆ ಯುಟಿಆರ್ ಎಂದೋ ಯುಪಿಐ ರೆಫರೆನ್ಸ್ ಎಂದೋ ಅದು ಕಾಣುತ್ತದೆ. ಅಲ್ಲಿ ಸಿಗದಿದ್ದರೆ ಅವರ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಸುಮಾರು ಹೀಗೆ ಇರುತ್ತದೆ:

```
12-06-2025  UPI/DR/516374920618/...   1840.00
```

ಇನ್ನು ₹23,415ರ ವಿಷಯ. ತಮ್ಮ ಕ್ಯೂಆರ್ ನೇರವಾಗಿ ಬ್ಯಾಂಕ್ ಖಾತೆಯದಲ್ಲ, ನಡುವೆ ಒಂದು ಪಾವತಿ ಸಂಸ್ಥೆ ಇದೆ ಎಂದು ತೋರುತ್ತದೆ. ಆ ಸಂಸ್ಥೆ ದಿನವಿಡೀ ಬಂದ ಹಣವನ್ನು ಕೂಡಿಸಿ ಒಂದೇ ಜಮೆಯಾಗಿ ಕಳುಹಿಸುತ್ತದೆ, ಆ ಜಮೆಗೆ ಅದರದೇ ಸಂಖ್ಯೆ ಇರುತ್ತದೆ. ಹಾಗಾಗಿ ಬಿಡಿ ಪಾವತಿಯ ಸಂಖ್ಯೆಯನ್ನು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ವ್ಯಾಪಾರಿಗಳ ಆ್ಯಪಿನಲ್ಲಿ 12ನೆಯ ತಾರೀಖಿನ ವಹಿವಾಟುಗಳನ್ನು ತೆರೆದು ಅಲ್ಲಿ ಹುಡುಕಬೇಕು.

ಸ್ಟೇಷನರಿ_ಮೈಸೂರು | 14 ಜೂನ್, 12:20

ಇಷ್ಟೆಲ್ಲ ಬೇಕಾಗಿಲ್ಲ. ಸಂಖ್ಯೆಯಲ್ಲೇ ತಾರೀಖು ಇರುತ್ತದೆ. ಮೇಲಿನ ಉದಾಹರಣೆಯಲ್ಲಿ ಮೊದಲ ಅಂಕಿ 5 ಎಂದರೆ 2025, ಮುಂದಿನ 163 ಎಂದರೆ ವರ್ಷದ 163ನೆಯ ದಿನ, ಅಂದರೆ ಜೂನ್ 12. ಇದು ಹೊಂದದಿದ್ದರೆ ಸ್ಕ್ರೀನ್‌ಶಾಟ್ ನಕಲಿ, ಹೊಂದಿದರೆ ಅಸಲಿ. ನಾನು ಕೌಂಟರಿನಲ್ಲೇ ಹೀಗೆ ಪರೀಕ್ಷಿಸುತ್ತೇನೆ.

ಲೆಕ್ಕ_ಹೊಂದಾಣಿಕೆ | 14 ಜೂನ್, 1:15

ಎಣಿಕೆ ಸರಿಯಾಗಿದೆ, ನಾನೂ ಹಳೆಯ ಪಾವತಿಗಳನ್ನು ಹುಡುಕುವಾಗ ಈ ಗುರುತನ್ನು ಬಳಸುತ್ತೇನೆ. ಆದರೆ ತೀರ್ಪು ತಪ್ಪು. ಸಂಖ್ಯೆಯ ಮೊದಲ ನಾಲ್ಕು ಅಂಕಿಗಳು ಹೀಗೆ ಬರುವುದು ರೂಢಿ, ಪ್ರತಿ ಸಲವೂ ಹಾಗೆಯೇ ಇರುತ್ತದೆ ಎಂದು ನಂಬಿ ಗ್ರಾಹಕರನ್ನು ಕಳ್ಳರೆನ್ನಬಾರದು. ಹೊಂದಿದರೂ ನಂಬುವಂತಿಲ್ಲ, ಏಕೆಂದರೆ ಮೋಸ ಮಾಡುವವನಿಗೂ ದಿನ ಎಣಿಸಲು ಬರುತ್ತದೆ, ಅಥವಾ ಬೆಳಿಗ್ಗೆ ₹20 ಕೊಟ್ಟು ಪಡೆದ ನಿಜವಾದ ಸಂಖ್ಯೆಯನ್ನೇ ಸಂಜೆ ₹2,000ದ ಚಿತ್ರಕ್ಕೆ ಅಂಟಿಸಬಹುದು. ಪರೀಕ್ಷೆ ಒಂದೇ: ನಮ್ಮ ಕಡೆಯ ದಾಖಲೆಯಲ್ಲಿ ಆ ಸಂಖ್ಯೆಯ ಮುಂದೆ ಅದೇ ಮೊತ್ತ ಇದೆಯೇ?

ತಿಪಟೂರಿನವರಿಗೆ ಇನ್ನೊಂದು ಮಾತು. ಸಂಖ್ಯೆಯ ಜೊತೆಗೆ, ಹಣ ಯಾವ ಯುಪಿಐ ವಿಳಾಸಕ್ಕೆ ಹೋಗಿದೆ ಎಂಬುದನ್ನೂ ಗ್ರಾಹಕರಿಂದ ಓದಿಸಿ. ಅದು ವಿವರದ ಪುಟದಲ್ಲೇ ಇರುತ್ತದೆ.

ದಿನಸಿ_ತಿಪಟೂರು | 14 ಜೂನ್, ರಾತ್ರಿ 8:30

ಸರ್, ತಮಗೆ ಬಹಳ ಧನ್ಯವಾದಗಳು. ಗ್ರಾಹಕರು ಅಂಗಡಿಗೇ ಬಂದು 12 ಅಂಕಿಗಳ ಸಂಖ್ಯೆಯನ್ನು ತೋರಿಸಿದರು. ಸೌಂಡ್ ಬಾಕ್ಸ್ ಕೊಟ್ಟ ಸಂಸ್ಥೆಯ ಆ್ಯಪಿನಲ್ಲಿ ಹುಡುಕಿದೆ, ಇರಲಿಲ್ಲ. ನಂತರ ಯುಪಿಐ ವಿಳಾಸವನ್ನು ಓದಿದಾಗ ವಿಷಯ ತಿಳಿಯಿತು. ತಕ್ಕಡಿಯ ಪಕ್ಕದ ಕಂಬದ ಮೇಲೆ ಎರಡು ವರ್ಷ ಹಿಂದಿನ ಇನ್ನೊಂದು ಸಂಸ್ಥೆಯ ಸ್ಟಿಕರ್ ಹಾಗೇ ಉಳಿದಿತ್ತು, ಎಣ್ಣೆ ಡಬ್ಬಗಳ ಮರೆಯಲ್ಲಿ ಅರ್ಧ ಮಾತ್ರ ಕಾಣುತ್ತಿತ್ತು. ಅವರು ಸ್ಕ್ಯಾನ್ ಮಾಡಿದ್ದು ಅದನ್ನೇ. ಆ ಕ್ಯೂಆರ್ ನನ್ನ ತಮ್ಮನ ಹೆಸರಿನಲ್ಲಿದೆ. ಅವನ ಮೊಬೈಲಿನ ಹಳೆಯ ಆ್ಯಪಿನಲ್ಲಿ ಅದೇ 12 ಅಂಕಿ, ಅದೇ ₹1,840, ಸಂಜೆ 7:42ರ ಸಮಯದೊಂದಿಗೆ ಸಿಕ್ಕಿತು. ಸ್ಟಿಕರನ್ನು ಈಗಲೇ ಕಿತ್ತುಹಾಕಿದೆ. ಎರಡು ದಿನ ಆ ಗ್ರಾಹಕರನ್ನು ಕಾಯಿಸಿದ್ದಕ್ಕೆ ಬೇಸರವಾಗಿದೆ.

ಇನ್ನೂ ಒಂದು ಉಳಿದಿದೆ. 13ರಂದು ಇನ್ನೊಬ್ಬರು ಕಳುಹಿಸಿದ ₹350 ಎರಡೂ ಆ್ಯಪುಗಳಲ್ಲಿ ಇಲ್ಲ. ಅವರ ಸಂಖ್ಯೆ 12 ಅಂಕಿಗಳದೇ, ವಿಳಾಸವೂ ನನ್ನದೇ.

ಲೆಕ್ಕ_ಹೊಂದಾಣಿಕೆ | 15 ಜೂನ್, 7:50

ಹಾಗಿದ್ದರೆ ಮುಂದಿನ ಹೆಜ್ಜೆ ಗ್ರಾಹಕರದು, ತಮ್ಮದಲ್ಲ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರ ಖಾತೆಯಿಂದ ಹಣ ಕಡಿತವಾಗಿ ಅಂಗಡಿಗೆ ಖಚಿತತೆ ತಲುಪದಿದ್ದರೆ, ಪಾವತಿಯಾದ ದಿನದಿಂದ 5 ದಿನಗಳೊಳಗೆ ಹಣ ತಾನಾಗಿಯೇ ಹಿಂದಿರುಗಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ. ಅಂದರೆ 18ರವರೆಗೆ ಅವಧಿ ಇದೆ. ಅವರು ತಮ್ಮ ಆ್ಯಪಿನಲ್ಲಿ ಅದೇ ಪಾವತಿಯನ್ನು ತೆರೆದು ಈಗಲೇ ದೂರು ದಾಖಲಿಸಲಿ, ಆ 12 ಅಂಕಿಗಳನ್ನು ಬ್ಯಾಂಕಿಗೂ ಕೊಡಲಿ. ಹಣ ಹಿಂದಿರುಗುವಾಗ ಅವರ ಸ್ಟೇಟ್‌ಮೆಂಟಿನಲ್ಲಿ ಆ ಸಾಲು ಬೇರೆಯಾಗಿ ಕಾಣುವುದರಿಂದ, ಕಡಿತದ ಸಾಲನ್ನಷ್ಟೇ ನೋಡಿ ಬಂದಿಲ್ಲ ಎಂದುಕೊಳ್ಳುವುದು ಬೇಡ.

ದಿನಸಿ_ತಿಪಟೂರು | 15 ಜೂನ್, 9:05

ಅವರಿಗೆ ತಿಳಿಸಿದ್ದೇನೆ, ದೂರು ಕೊಟ್ಟಿದ್ದಾರೆ. ಆದರೆ ಅವರ ಆ್ಯಪ್ ಇನ್ನೂ ಪಾವತಿ ಯಶಸ್ವಿ ಎಂದೇ ತೋರಿಸುತ್ತಿದೆ. ಹೀಗಿರುವಾಗಲೂ ಹಣ ತಾನಾಗಿಯೇ ಹಿಂದಿರುಗುತ್ತದೆಯೇ?

ಲೆಕ್ಕ_ಹೊಂದಾಣಿಕೆ | 15 ಜೂನ್, 9:40

ಅದನ್ನು ಇಲ್ಲಿಂದ ಹೇಳಲಾಗದು. ಯಶಸ್ವಿ ಎಂದಿದ್ದರೆ ಹಣ ತಮ್ಮ ಪಾವತಿ ಸಂಸ್ಥೆಯವರೆಗೆ ಬಂದು ತಮ್ಮ ಪಟ್ಟಿಗೆ ಸೇರದೆ ನಿಂತಿರಲೂಬಹುದು. ಅದೇ ಸಂಖ್ಯೆಯನ್ನು ಕೊಟ್ಟು ತಾವೂ ಆ ಸಂಸ್ಥೆಯನ್ನು ಕೇಳಿ, ಬಂದ ಉತ್ತರವನ್ನು ಇಲ್ಲಿ ಹಾಕಿ.